ಗಂಡ ಪೂರ್ವ ಗುಂಪು, ಹೆಂಡತಿ ಪಶ್ಚಿಮ ಗುಂಪು: ಹಾಸಿಗೆ ಬೇರೆ ಮಾಡಬೇಕೇ?

ಪ್ರಶ್ನೆ: ನಾನು ಹುಟ್ಟಿದ್ದು 1991ರ ಆಗಸ್ಟ್‌ನಲ್ಲಿ, ನಮ್ಮ ಯಜಮಾನರು 1988ರ ಜನವರಿ 15ರಂದು. ಹೊಸ ಫ್ಲ್ಯಾಟ್‌ಗೆ ಬಂದಾಗ ಫೆಂಗ್ ಶುಯಿ ಸಲಹೆಗಾರರೊಬ್ಬರನ್ನು ಕರೆಸಿದ್ದೆವು. ಅವರು ಹುಟ್ಟಿದ ವರ್ಷದಿಂದ ‘ಕುವಾ’ ಎಂಬ ಸಂಖ್ಯೆಯನ್ನು ಲೆಕ್ಕ ಹಾಕಿದರು. ಯಜಮಾನರದು ಕುವಾ 3, ಪೂರ್ವ ಗುಂಪು. ನನ್ನದು ಕುವಾ 6, ಪಶ್ಚಿಮ ಗುಂಪು. ಇಬ್ಬರ ನಡುವೆ ‘ಐದು ದೆವ್ವ’ಗಳ ಸಂಬಂಧವಿದೆ, ಜಗಳ ತಪ್ಪುವುದಿಲ್ಲ ಎಂದರು. ನೈಋತ್ಯದ ಕೋಣೆಯಲ್ಲಿ ದಕ್ಷಿಣಕ್ಕೆ ತಲೆ ಹಾಕಿ ಮಲಗುತ್ತೇವೆ. ಅದು ನನ್ನ ಆಯುಸ್ಸಿಗೇ ಕೆಡುಕಂತೆ, ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಮಲಗಬೇಕಂತೆ. ಅತ್ತೆಯವರು ಇದನ್ನು ಸುತರಾಂ ಒಪ್ಪುತ್ತಿಲ್ಲ. ಅಂದಿನಿಂದ ಸಣ್ಣ ಮಾತು ಬಂದರೂ ನಮ್ಮಿಬ್ಬರಿಗೂ ಅದೇ ನೆನಪಾಗುತ್ತದೆ. ಏನು ಮಾಡಲಿ?

ಉತ್ತರ: ಬೇರೆ ಕೋಣೆಯಲ್ಲಿ ಮಲಗುವ ಅಗತ್ಯವಿಲ್ಲ. ಈ ವಿಷಯದಲ್ಲಿ ನಾನು ನಿಮ್ಮ ಅತ್ತೆಯವರ ಪಕ್ಷ. ನಿಮಗೆ ಹೇಳಿರುವ ಲೆಕ್ಕದಲ್ಲೇ ಒಂದು ತಪ್ಪಿದೆ, ಮೊದಲು ಅದನ್ನು ಸರಿಪಡಿಸೋಣ.

ಕುವಾ ಸಂಖ್ಯೆಗೆ ಬೇಕಾಗುವುದು ಎರಡೇ ವಿವರ: ಹುಟ್ಟಿದ ವರ್ಷ, ಮತ್ತು ಗಂಡೋ ಹೆಣ್ಣೋ ಎಂಬುದು. 2000ಕ್ಕಿಂತ ಮೊದಲು ಹುಟ್ಟಿದವರಿಗೆ ವರ್ಷದ ಕೊನೆಯ ಎರಡು ಅಂಕಿಗಳನ್ನು ಕೂಡಿಸಿ ಒಂದೇ ಅಂಕಿಗೆ ಇಳಿಸಬೇಕು. ಗಂಡಸಾದರೆ ಅದನ್ನು 10ರಿಂದ ಕಳೆಯಬೇಕು, ಹೆಂಗಸಾದರೆ ಅದಕ್ಕೆ 5 ಕೂಡಿಸಿ ಮತ್ತೆ ಒಂದಂಕಿಗೆ ಇಳಿಸಬೇಕು. 2000 ಮತ್ತು ಅನಂತರ ಹುಟ್ಟಿದವರಿಗೆ 10ರ ಬದಲು 9, 5ರ ಬದಲು 6. ನಿಮ್ಮದು 1991: 9 ಮತ್ತು 1 ಸೇರಿ 10, ಅದು 1 ಆಗುತ್ತದೆ, 5 ಕೂಡಿಸಿದರೆ 6. ಇದು ಸರಿಯಾಗಿದೆ.

ಯಜಮಾನರ ಲೆಕ್ಕ ತಪ್ಪಿದ್ದು ವರ್ಷ ಯಾವಾಗ ಶುರುವಾಗುತ್ತದೆ ಎಂಬಲ್ಲಿ. ಈ ಪದ್ಧತಿ ಚೀನಾದ್ದು, ಅದರ ವರ್ಷ ಜನವರಿ 1ಕ್ಕೆ ಆರಂಭವಾಗುವುದಿಲ್ಲ. ಬಹುಪಾಲು ಸಾಧಕರು ‘ಲಿ ಚುನ್’ ಎಂಬ ವಸಂತಾರಂಭವನ್ನು ಹಿಡಿಯುತ್ತಾರೆ. ಅದು ಸಾಮಾನ್ಯವಾಗಿ ಫೆಬ್ರವರಿ 4ರ ಆಸುಪಾಸಿನಲ್ಲಿ ಬರುತ್ತದೆ. ಇನ್ನು ಕೆಲವರು ಚಾಂದ್ರಮಾನದ ಹೊಸ ವರ್ಷವನ್ನು ಹಿಡಿಯುತ್ತಾರೆ. ಅದು ಜನವರಿ 21ರಿಂದ ಫೆಬ್ರವರಿ 20ರ ನಡುವೆ ಯಾವಾಗಲಾದರೂ ಬರಬಹುದು. ಆ ತಿಂಗಳಲ್ಲಿ ಹುಟ್ಟಿದವರ ಸಂಖ್ಯೆಯ ಬಗ್ಗೆ ಎರಡು ಪಂಥಗಳಿಗೂ ಜಗಳ ಇದ್ದದ್ದೇ. ಆದರೆ ಜನವರಿ 15 ಎರಡೂ ಲೆಕ್ಕದಲ್ಲಿ ಹಿಂದಿನ ವರ್ಷಕ್ಕೇ ಸೇರುತ್ತದೆ. ಹಾಗಾಗಿ ನಿಮ್ಮ ಯಜಮಾನರಿಗೆ ಹಿಡಿಯಬೇಕಾದ್ದು 1987: 8 ಮತ್ತು 7 ಸೇರಿ 15, ಅದು 6, 10ರಿಂದ 6 ಕಳೆದರೆ 4. ಅವರದು ಕುವಾ 4, ಮೂರಲ್ಲ. ಮೊಬೈಲ್ ಆ್ಯಪ್‌ಗಳಲ್ಲಿ ಬರೀ ವರ್ಷವನ್ನು ಕೇಳಿ ಸಂಖ್ಯೆ ಕೊಡುವಂಥವು ಜನವರಿಯಲ್ಲಿ ಹುಟ್ಟಿದ ಬಹುತೇಕ ಎಲ್ಲರಿಗೂ ಈ ತಪ್ಪು ಮಾಡುತ್ತವೆ. ತಿಂಗಳು, ದಿನ ಕೇಳದೆ ಯಾರಾದರೂ ಕುವಾ ಹೇಳಿದರೆ ಅದನ್ನು ನಂಬಬೇಡಿ.

ನಾಲ್ಕೂ ಪೂರ್ವ ಗುಂಪಿನದೇ, ಆದ್ದರಿಂದ ಗುಂಪಿನ ಭೇದ ಉಳಿಯುತ್ತದೆ. ಆದರೆ ‘ಐದು ದೆವ್ವ’ ಅಲ್ಲಿಗೇ ಬಿದ್ದುಹೋಯಿತು. ಅದು ಹೇಗೆಂದು ತಿಳಿಯಲು ಈ ಗುಂಪುಗಳು ಎಲ್ಲಿಂದ ಬಂದವೆಂದು ನೋಡಬೇಕು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಿಮ್ಮ ಭಯಕ್ಕೆ ಉತ್ತರ ಇರುವುದು ಇಲ್ಲೇ.

ಪ್ರತಿ ಕುವಾ ಸಂಖ್ಯೆಯ ಹಿಂದೆ ಮೂರು ಗೆರೆಗಳ ಒಂದು ಚಿಹ್ನೆ ಇದೆ. ಒಂದೊಂದು ಗೆರೆಯೂ ಇಡಿಯಾಗಿರಬಹುದು ಅಥವಾ ನಡುವೆ ತುಂಡಾಗಿರಬಹುದು. ಇಡಿ ಗೆರೆ ಯಾಂಗ್, ತುಂಡು ಗೆರೆ ಯಿನ್. ಹೀಗೆ ಒಟ್ಟು ಎಂಟು ಚಿಹ್ನೆಗಳಾಗುತ್ತವೆ. ಒಂದೊಂದಕ್ಕೂ ಒಂದು ದಿಕ್ಕು, ಒಂದು ಸಂಖ್ಯೆ. 1ರಿಂದ 9ರವರೆಗಿನ ಸಂಖ್ಯೆಗಳನ್ನು ಒಂಬತ್ತು ಮನೆಗಳ ಚೌಕದಲ್ಲಿ ಇಡುತ್ತಾರೆ. 5 ಮಾತ್ರ ಆ ಚೌಕದ ನಡುಮನೆಯ ಸಂಖ್ಯೆ, ಅದಕ್ಕೆ ಚಿಹ್ನೆಯೇ ಇಲ್ಲ. ಅದಕ್ಕೇ 5 ಬಂದ ಗಂಡಸರನ್ನು 2ಕ್ಕೂ ಹೆಂಗಸರನ್ನು 8ಕ್ಕೂ ಸೇರಿಸುತ್ತಾರೆ.

ಈ ಚಿಹ್ನೆಗಳನ್ನು ಕೆಳಗಿನಿಂದ ಮೇಲಕ್ಕೆ ಓದುವುದು ರೂಢಿ. ಕೆಳಗಿನ ಎರಡು ಗೆರೆಗಳು ಒಂದೇ ಬಗೆಯವಾಗಿದ್ದರೆ, ಅಂದರೆ ಎರಡೂ ಇಡಿ ಅಥವಾ ಎರಡೂ ತುಂಡು ಆಗಿದ್ದರೆ, ಅದು ಪಶ್ಚಿಮ ಗುಂಪು: 2, 6, 7, 8. ಒಂದು ಇಡಿ, ಇನ್ನೊಂದು ತುಂಡು ಆಗಿದ್ದರೆ ಪೂರ್ವ ಗುಂಪು: 1, 3, 4, 9. ಪೂರ್ವ, ಪಶ್ಚಿಮ ಎಂಬ ವಿಭಜನೆಯ ಮೂಲ ಇಷ್ಟೇ. ಅದು ಮನುಷ್ಯರ ಸ್ವಭಾವವನ್ನು ನೋಡಿ ಮಾಡಿದ ವಿಂಗಡಣೆಯಲ್ಲ. ಪೂರ್ವದವರು ಮುಂಗೋಪಿಗಳು, ಪಶ್ಚಿಮದವರು ಹಟಮಾರಿಗಳು ಎಂದು ಯಾರಾದರೂ ಹೇಳಿದರೆ ಅದು ಅವರ ಸ್ವಂತ ಸೇರ್ಪಡೆ.

ನಿಮ್ಮ 6ಕ್ಕೆ ಸೇರಿದ ‘ಚಿಯೆನ್’ ಚಿಹ್ನೆಯಲ್ಲಿ ಮೂರೂ ಗೆರೆಗಳು ಇಡಿಯಾಗಿವೆ. ಯಜಮಾನರ 4ಕ್ಕೆ ಸೇರಿದ ‘ಶುನ್’ ಚಿಹ್ನೆಯಲ್ಲಿ ಕೆಳಗಿನ ಗೆರೆ ತುಂಡು, ಮೇಲಿನ ಎರಡು ಇಡಿ. ಒಂದು ಕಾಗದದ ಮೇಲೆ ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಮೂರರಲ್ಲಿ ಎರಡು ಗೆರೆ ಒಂದೇ. ಕೆಳಗಿನ ಒಂದು ಗೆರೆಯಲ್ಲಿ ಮಾತ್ರ ವ್ಯತ್ಯಾಸ. ಹೀಗೆ ಬರೀ ಕೆಳಗಿನ ಗೆರೆ ಬದಲಾಗುವ ಸಂಬಂಧಕ್ಕೆ ‘ಹುವೋ ಹೈ’ ಎಂದು ಹೆಸರು. ನಾಲ್ಕು ಅಶುಭ ಸಂಬಂಧಗಳಲ್ಲಿ ಎಲ್ಲಕ್ಕಿಂತ ಸೌಮ್ಯವಾದದ್ದೆಂದು ಇದನ್ನು ಎಣಿಸುತ್ತಾರೆ; ಸಣ್ಣಪುಟ್ಟ ಅಡಚಣೆ, ಮಾತಿನ ಕಿರಿಕಿರಿ ಎಂಬುದಷ್ಟೇ ಇದರ ಫಲ. ಮೇಲಿನ ಮತ್ತು ನಡುವಿನ ಎರಡು ಗೆರೆಗಳು ಬದಲಾದರೆ ‘ವು ಕ್ವೇಯಿ’, ನಿಮಗೆ ಹೇಳಿದ ಐದು ದೆವ್ವಗಳು. ಅದು 6ಕ್ಕೂ 3ಕ್ಕೂ ಇರುವ ಸಂಬಂಧ. ನಿಮ್ಮ ಮನೆಯಲ್ಲಿ 3 ಇಲ್ಲವೇ ಇಲ್ಲ. ಜನವರಿ ತಿಂಗಳನ್ನು ಮರೆತದ್ದರಿಂದ ನಿಮ್ಮ ಮನೆಗೆ ಬಂದ ದೆವ್ವಗಳವು.

ಸಂಖ್ಯೆ ಸರಿಪಡಿಸಿದ್ದಕ್ಕೆ ಪಾರಾದೆವು, ನಿಜವಾಗಿ 3 ಮತ್ತು 6 ಬಂದ ದಂಪತಿಗಳ ಗತಿಯೇನು ಎಂದು ನೀವು ಕೇಳಬಹುದು. ಅದಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ವರ್ಷ ಕಳೆದಂತೆ ಗಂಡಸರ ಸಂಖ್ಯೆ ಒಂದೊಂದೇ ಇಳಿಯುತ್ತ, ಹೆಂಗಸರದು ಒಂದೊಂದೇ ಏರುತ್ತ ಒಂಬತ್ತು ವರ್ಷಕ್ಕೊಮ್ಮೆ ಸುತ್ತು ಮುಗಿಯುತ್ತದೆ. ಆ ಒಂಬತ್ತರಲ್ಲಿ, 5 ಅನ್ನು ಪಶ್ಚಿಮಕ್ಕೆ ಸೇರಿಸಿದರೆ, ಐದು ವರ್ಷ ಪಶ್ಚಿಮದವು, ನಾಲ್ಕು ಪೂರ್ವದವು. ಒಂಬತ್ತು ಬಗೆಯ ಗಂಡಂದಿರನ್ನೂ ಒಂಬತ್ತು ಬಗೆಯ ಹೆಂಡತಿಯರನ್ನೂ ಜೋಡಿಸಿದರೆ 81 ಜೋಡಿಗಳಾಗುತ್ತವೆ. ಅವುಗಳಲ್ಲಿ 41 ಜೋಡಿ ಒಂದೇ ಗುಂಪು, 40 ಜೋಡಿ ಬೇರೆ ಬೇರೆ ಗುಂಪು. ಅಂದರೆ ಲೋಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದಂಪತಿಗಳು ‘ಹೊಂದದವರು’. ಒಂದೇ ವರ್ಷ ಹುಟ್ಟಿ ಮದುವೆಯಾದವರ ವಿಷಯ ಇನ್ನೂ ವಿಚಿತ್ರ: ಅಲ್ಲಿ ಒಂಬತ್ತರಲ್ಲಿ ಮೂರು ವರ್ಷದವರು ಮಾತ್ರ ಒಂದೇ ಗುಂಪಿಗೆ ಬರುತ್ತಾರೆ. ಜೊತೆಗೆ ಓದಿ, ಮೆಚ್ಚಿ ಮದುವೆಯಾದ ಸಹಪಾಠಿಗಳಲ್ಲಿ ಮೂರರಲ್ಲಿ ಎರಡು ಪಾಲು ಈ ಲೆಕ್ಕದಲ್ಲಿ ಬಿದ್ದುಹೋಗುತ್ತಾರೆ. ನಿಮ್ಮ ಬಳಗದಲ್ಲಿ ಚೆನ್ನಾಗಿ ಬಾಳುತ್ತಿರುವ ಹತ್ತು ಜೋಡಿಗಳ ಹುಟ್ಟಿದ ವರ್ಷ ಕೇಳಿ ಲೆಕ್ಕ ಹಾಕಿ ನೋಡಿ, ನಾಲ್ಕೈದು ಜೋಡಿಗಳಾದರೂ ‘ಹೊಂದದವರು’ ಸಿಗುವ ಸಂಭವವೇ ಹೆಚ್ಚು.

ನಮ್ಮಲ್ಲಿ ಕೂಟ ನೋಡುವಾಗ ನಕ್ಷತ್ರ, ಪಾದ, ರಾಶಿ ಎಂದು ಹುಟ್ಟಿದ ಹೊತ್ತಿನವರೆಗೆ ಹೋಗುತ್ತಾರೆ. ಚೀನೀಯರೂ ಮದುವೆಗೆ ಮುಖ್ಯವಾಗಿ ನೋಡುತ್ತಿದ್ದದ್ದು ವರ್ಷ, ತಿಂಗಳು, ದಿನ, ಹೊತ್ತು ನಾಲ್ಕನ್ನೂ ಸೇರಿಸಿದ ಎಂಟಕ್ಷರದ ಜಾತಕವನ್ನು. ಮದುವೆಗೆ ಮೊದಲು ಕುವಾ ಗುಂಪನ್ನು ನೋಡುವ ರೂಢಿಯೂ ಅಲ್ಲಿ ಇತ್ತು, ಒಂದೇ ಗುಂಪಿನವರಾದರೆ ಒಳ್ಳೆಯದೆಂದು ಹಳಬರು ಬರೆದದ್ದೂ ನಿಜ. ಆದರೆ 1991ರಲ್ಲಿ ಹುಟ್ಟಿದ ಬಹುತೇಕ ಹೆಂಗಸರೆಲ್ಲರಿಗೂ ಒಂದೇ ಸಂಖ್ಯೆ ಕೊಡುವ ಪದ್ಧತಿಯಿಂದ ಒಬ್ಬಳ ಬಾಳಿನ ತೀರ್ಪು ಬರೆಯಲಾಗದು. ಕುವಾ ಸಂಖ್ಯೆಗೂ ದಾಂಪತ್ಯದ ನೆಮ್ಮದಿಗೂ ನಂಟಿದೆ ಎನ್ನುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಇದು ನಂಬಿಕೆಯ, ಸಂಪ್ರದಾಯದ ಮಾತು. ನಾನು ಈ ಪದ್ಧತಿಯನ್ನು ಗೌರವದಿಂದ ಕಲಿತವನು, ಆ ಗೌರವದಿಂದಲೇ ಇದನ್ನು ಹೇಳುತ್ತಿದ್ದೇನೆ. ಕೋಣೆಯಲ್ಲಿ ಮಂಚ ಎಲ್ಲಿ, ಮೇಜು ಎಲ್ಲಿ ಎಂದು ಯೋಚಿಸಲು ಇದು ಒಂದು ಚೌಕಟ್ಟು. ಮದುವೆಯಾದವರನ್ನು ಬೇರ್ಪಡಿಸುವ ಅಧಿಕಾರ ಇದಕ್ಕಿಲ್ಲ.

ಇನ್ನು ಮನೆಯ ವಿಷಯ. ಎಂಟು ದಿಕ್ಕುಗಳಲ್ಲಿ ನಾಲ್ಕು ಒಬ್ಬರಿಗೆ ಶುಭ, ಉಳಿದ ನಾಲ್ಕು ಅಶುಭ ಎಂಬುದು ಈ ಪದ್ಧತಿಯ ತಿರುಳು. ಆ ನಾಲ್ಕು ಶುಭಗಳಲ್ಲಿ ದಂಪತಿಗಳಿಗೆ ಬೇಕಾದದ್ದು ‘ಯೆನ್ ನಿಯೆನ್’. ಚಿಹ್ನೆಯ ಮೂರೂ ಗೆರೆಗಳನ್ನು ತಿರುವಿಹಾಕಿದರೆ ಸಿಗುವ ದಿಕ್ಕು ಅದು. ಎಂಟು ಚಿಹ್ನೆಗಳನ್ನು ಚೀನೀಯರು ಒಂದು ಕುಟುಂಬವೆಂದು ಕಂಡಿದ್ದಾರೆ: ತಂದೆ, ತಾಯಿ, ಮೂವರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಮೂರೂ ಗೆರೆ ತಿರುವಿದಾಗ ತಂದೆಗೆ ತಾಯಿ, ಹಿರಿಮಗನಿಗೆ ಹಿರಿಮಗಳು, ನಡುವಿನವನಿಗೆ ನಡುವಿನವಳು, ಕಿರಿಯನಿಗೆ ಕಿರಿಯಳು ಎದುರಾಗುತ್ತಾರೆ. ಒಬ್ಬರಲ್ಲಿ ಇಲ್ಲದ್ದೆಲ್ಲ ಇನ್ನೊಬ್ಬರಲ್ಲಿದೆ. ಅದಕ್ಕೇ ಈ ದಿಕ್ಕಿಗೆ ಸಾಮರಸ್ಯದ, ದೀರ್ಘ ಬಾಳಿನ ದಿಕ್ಕೆಂಬ ಹೆಸರು. ಅಂದ ಹಾಗೆ, ನಿಮ್ಮ ಚಿಹ್ನೆ ಈ ಕುಟುಂಬದಲ್ಲಿ ತಂದೆಯದು, ಯಜಮಾನರದು ಹಿರಿಮಗಳದು. ಚಿಹ್ನೆಯನ್ನು ಮನುಷ್ಯರ ಗುಣವೆಂದು ನೇರವಾಗಿ ಓದಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕುವಾ 6ಕ್ಕೆ ಯೆನ್ ನಿಯೆನ್ ದಿಕ್ಕು ನೈಋತ್ಯ. ನೀವು ಈಗ ಮಲಗುತ್ತಿರುವ ಕೋಣೆಯೇ ಅದು. ಕುವಾ 4ಕ್ಕೆ ಯೆನ್ ನಿಯೆನ್ ದಿಕ್ಕು ಪೂರ್ವ. ಬೇರೆ ಗುಂಪಿನ ದಂಪತಿಗಳಿಗೆ ಸಾಧಕರು ಸಾಮಾನ್ಯವಾಗಿ ಹೇಳುವ ಹೊಂದಾಣಿಕೆ ಇದೇ: ಕೋಣೆ ಇರುವ ಮೂಲೆ ಒಬ್ಬರಿಗೆ ಅನುಕೂಲವಾಗಿರಲಿ, ತಲೆ ಹಾಕುವ ದಿಕ್ಕು ಇನ್ನೊಬ್ಬರಿಗೆ. ನೈಋತ್ಯದ ಕೋಣೆಯನ್ನು ಹಾಗೆಯೇ ಇಟ್ಟುಕೊಂಡು ತಲೆಯನ್ನು ಪೂರ್ವಕ್ಕೆ ತಿರುಗಿಸಿದರೆ ಕೋಣೆಯಿಂದ ನಿಮಗೂ ದಿಕ್ಕಿನಿಂದ ಯಜಮಾನರಿಗೂ ಯೆನ್ ನಿಯೆನ್ ಸಿಗುತ್ತದೆ. ದಕ್ಷಿಣ ಯಜಮಾನರಿಗೆ ಆರೋಗ್ಯದ ದಿಕ್ಕು. ಆದರೆ ನಿಮಗೆ ಅದು ‘ಚುಯೆ ಮಿಂಗ್’, ಅಶುಭಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಆ ಹೆಸರಿಗೆ ಆಯುಸ್ಸು ಮುಗಿಯುವುದು ಎಂಬ ಅರ್ಥವಿರುವುದರಿಂದಲೇ ಸಲಹೆಗಾರರು ನಿಮ್ಮನ್ನು ಹೆದರಿಸಿದ್ದು. ಹೆಸರು ಹಳೆಯ ಕಾಲದ್ದು, ಉದ್ದೇಶವೇ ಜನರನ್ನು ಎಚ್ಚರಿಸುವುದು. ದಕ್ಷಿಣಕ್ಕೆ ತಲೆ ಹಾಕಿ ಮಲಗುವುದು ಕರ್ನಾಟಕದ ಮನೆಮನೆಯ ರೂಢಿ, ಅದರಿಂದ ಯಾರ ಆಯುಸ್ಸೂ ಮೊಟಕಾಗುವುದಿಲ್ಲ. ನಿಮಗೆ ಕಸಿವಿಸಿ ಉಳಿದಿದ್ದರೆ ಮಾತ್ರ ಪೂರ್ವಕ್ಕೆ ತಿರುಗಿಸಿ. ಪೂರ್ವಕ್ಕೆ ತಲೆ ಎಂದರೆ ಅತ್ತೆಯವರಿಗೂ ಆಕ್ಷೇಪ ಇರಲಾರದು, ನಮ್ಮ ವಾಸ್ತುವಿಗೂ ಅದು ಒಪ್ಪಿಗೆಯೇ.

ಇದರಲ್ಲಿ ಎಲ್ಲವೂ ಸಲೀಸಾಗಿ ಕೂಡಿಬರುತ್ತದೆ ಎಂದು ನಾನು ಹೇಳಲಾರೆ. ಪೂರ್ವ ದಿಕ್ಕು ನಿಮ್ಮ 6ಕ್ಕೆ ವು ಕ್ವೇಯಿ, ನೈಋತ್ಯದ ಮೂಲೆ ಯಜಮಾನರ 4ಕ್ಕೆ ವು ಕ್ವೇಯಿ. ಗುಂಪು ಬೇರೆಯಾದ ಮೇಲೆ ಒಬ್ಬರ ಶುಭ ಇನ್ನೊಬ್ಬರಿಗೆ ಅಶುಭವಾಗುವುದನ್ನು ತಪ್ಪಿಸಲು ಯಾರಿಂದಲೂ ಆಗದು. ಇಬ್ಬರೂ ಅರ್ಧರ್ಧ ಬಿಟ್ಟುಕೊಟ್ಟು ಅರ್ಧರ್ಧ ಪಡೆಯುವ ಏರ್ಪಾಡು ಇದು. ಹಳೆಯ ಸಾಧಕರು ವು ಕ್ವೇಯಿಗೆ ‘ಷೆಂಗ್ ಚಿ’ ಎಂಬ ಶುಭ ದಿಕ್ಕಿನಿಂದ ಪರಿಹಾರ ಹೇಳಿದ್ದಾರೆ, ಅದನ್ನು ಮುಖ್ಯವಾಗಿ ಒಲೆಯ ಬಾಯಿಗೆ ಅನ್ವಯಿಸುತ್ತಿದ್ದರು. ಸೌದೆ ತುರುಕುವ ಬಾಯಿಯೇ ಇಲ್ಲದ ಗ್ಯಾಸ್ ಒಲೆಗೆ ಅದನ್ನು ಹೇಗೆ ಅನ್ವಯಿಸಬೇಕೆಂದು ಇಂದಿನವರಲ್ಲಿ ಒಮ್ಮತವಿಲ್ಲ. ಅದಕ್ಕಾಗಿ ಅಡುಗೆಕಟ್ಟೆ ಒಡೆಸುವ ಗೋಜಿಗೆ ಹೋಗಬೇಡಿ. ಇಂದಿನ ರೂಢಿಯಂತೆ ಕೂರುವ ದಿಕ್ಕಿಗೆ ಅದನ್ನು ಬಳಸಿದರೆ ಸಾಕು. ಯಜಮಾನರ ಷೆಂಗ್ ಚಿ ಉತ್ತರ. ಆ ದಿಕ್ಕಿಗೆ ತಲೆ ಹಾಕಲು ಅತ್ತೆಯವರು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಯಜಮಾನರು ಕೆಲಸ ಮಾಡುವ ಮೇಜನ್ನು ಉತ್ತರಕ್ಕೆ ಮುಖ ಮಾಡಿ ಕೂರುವಂತೆ ಹಾಕಿ. ನಿಮ್ಮದು ಪಶ್ಚಿಮ, ಊಟದ ಮೇಜಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂರುವ ಕುರ್ಚಿಯನ್ನು ನಿಮ್ಮದಾಗಿಸಿಕೊಳ್ಳಿ.

ಮಂಚ ತಿರುಗಿಸುವ ಮೊದಲು ಕೋಣೆಯನ್ನೊಮ್ಮೆ ನೋಡಬೇಕು. ಫೆಂಗ್ ಶುಯಿಯಲ್ಲಿ ದಿಕ್ಸೂಚಿಗಿಂತ ಮೊದಲು ಬರುವುದು ಕೋಣೆಯ ಸ್ವರೂಪ. ತಲೆಯ ಮೇಲೆ ತೊಲೆ ಹಾದುಹೋಗಬಾರದು, ತಲೆಯ ಹಿಂದೆ ಗಟ್ಟಿ ಗೋಡೆ ಇರಬೇಕು, ಆ ಗೋಡೆಯ ಆಚೆಬದಿ ಶೌಚಾಲಯದ ಕೊಳವೆ ಇರಬಾರದು, ಮಲಗಿದಲ್ಲಿಂದ ಬಾಗಿಲು ಕಾಣಬೇಕು ಆದರೆ ಕಾಲು ನೇರ ಬಾಗಿಲಿಗೆ ಚಾಚಿರಬಾರದು. ಪೂರ್ವದ ಗೋಡೆಯಲ್ಲಿ ಇವುಗಳಲ್ಲಿ ಯಾವುದಾದರೂ ತೊಡಕಿದ್ದರೆ ಕುವಾವನ್ನು ಬದಿಗಿಟ್ಟು ಈಗಿರುವಂತೆಯೇ ಮಲಗಿ. ಇಂಥ ತೊಡಕಿಲ್ಲದಿದ್ದರೆ ಇನ್ನೊಂದು ಲಾಭವೂ ಇದೆ: ಮನೆಯ ನೈಋತ್ಯದ ಕೋಣೆಗೆ ಹೊರಗೋಡೆಗಳು ಇರುವುದು ದಕ್ಷಿಣಕ್ಕೂ ಪಶ್ಚಿಮಕ್ಕೂ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ಹೀರಿದ ಪಶ್ಚಿಮದ ಗೋಡೆ ರಾತ್ರಿ ಬಹು ಹೊತ್ತು ಕಾವು ಬಿಡುತ್ತದೆ. ಪೂರ್ವಕ್ಕೆ ತಲೆ ಹಾಕಿದರೆ ತಲೆ ಆ ಗೋಡೆಯಿಂದ ದೂರವಾಗಿ ಒಳಗೋಡೆಯ ಕಡೆಗೆ ಬರುತ್ತದೆ. ಮಂಚ ತಿರುಗಿಸಿದ ವಾರದಲ್ಲೇ ನಿದ್ದೆ ಸುಧಾರಿಸಿತು ಎಂದು ಹಲವರು ಹೇಳುವುದರ ಹಿಂದೆ ಇಂಥ ಕಾರಣಗಳೂ ಇರುತ್ತವೆ. ನಿದ್ದೆ ಸರಿಯಾದ ಮನೆಯಲ್ಲಿ ಮಾತೂ ಮೆತ್ತಗಾಗುವುದು ಸಹಜ.

ತಲೆ ಹಾಕುವ ದಿಕ್ಕೆಂದರೆ ಮಲಗಿದಾಗ ನೆತ್ತಿ ತೋರುವ ದಿಕ್ಕು. ಕಾಲಿನ ದಿಕ್ಕಲ್ಲ, ಮುಖದ್ದೂ ಅಲ್ಲ. ಇದನ್ನು ತಿರುವುಮುರುವು ಮಾಡಿಕೊಂಡು ಸರಿಯಾಗಿದ್ದ ಮಂಚವನ್ನೇ ತಪ್ಪು ದಿಕ್ಕಿಗೆ ತಿರುಗಿಸಿಕೊಂಡವರಿದ್ದಾರೆ. ಎಂಟು ದಿಕ್ಕುಗಳಲ್ಲಿ ಒಂದೊಂದಕ್ಕೂ 45 ಡಿಗ್ರಿ. ಪೂರ್ವವೆಂದರೆ ಸುಮಾರು 67ರಿಂದ 112 ಡಿಗ್ರಿಯವರೆಗೆ. ಮೊಬೈಲ್‌ನ ದಿಕ್ಸೂಚಿಯನ್ನು ಕಬ್ಬಿಣದ ಮಂಚದ ಮೇಲೆ, ಬೀರುವಿನ ಪಕ್ಕ, ಕಾಂಕ್ರೀಟ್ ಕಂಬಕ್ಕೆ ಒತ್ತಿ ಹಿಡಿದರೆ ಅದು ಸುಳ್ಳು ಹೇಳುತ್ತದೆ. ಕೋಣೆಯ ನಡುವೆ ಸೊಂಟದೆತ್ತರದಲ್ಲಿ ಒಮ್ಮೆ, ಬಾಗಿಲಲ್ಲಿ ಒಮ್ಮೆ, ಬಾಲ್ಕನಿಯಲ್ಲಿ ಒಮ್ಮೆ ಗೋಡೆಗೆ ಸಮಾನಾಂತರವಾಗಿ ಹಿಡಿದು ನೋಡಿ. ಮೂರೂ ಹತ್ತಿರ ಹತ್ತಿರ ಬಂದರೆ ನಂಬಬಹುದು. ಹದಿನೈದಿಪ್ಪತ್ತು ಡಿಗ್ರಿ ವ್ಯತ್ಯಾಸ ಬಂದರೆ ಎಲ್ಲೋ ಕಬ್ಬಿಣ ಎಳೆಯುತ್ತಿದೆ ಎಂದರ್ಥ, ಮನೆಯ ಹೊರಗೆ ಹೋಗಿ ಅಳೆಯಿರಿ. ನಿಮ್ಮ ಕೋಣೆ ನಿಜಕ್ಕೂ ಮನೆಯ ನೈಋತ್ಯ ಭಾಗದಲ್ಲಿದೆಯೇ ಎಂಬುದನ್ನು ಇಡೀ ಫ್ಲ್ಯಾಟ್‌ನ ನಕ್ಷೆಯ ನಡುಬಿಂದುವಿನಿಂದ ನೋಡಬೇಕು. ಹಾಲ್‌ನ ನಡುವೆ ನಿಂತು ನೋಡಿದರೆ ಸಾಲದು.

ಸಲಹೆಗಾರರು ಪರಿಹಾರವೆಂದು ಗಾಳಿಗಂಟೆ, ಜೋಡಿ ಬಾತುಕೋಳಿ, ಹರಳುಗಳನ್ನು ಕೊಳ್ಳಲು ಹೇಳಿದ್ದರೆ ಅದಕ್ಕೆ ಹಣ ಸುರಿಯಬೇಡಿ. ಕುವಾ ಪದ್ಧತಿಯ ಪರಿಹಾರಗಳೆಲ್ಲ ಕೋಣೆ, ಮಂಚ, ಒಲೆ, ಬಾಗಿಲಿನ ದಿಕ್ಕಿಗೆ ಸೇರಿದವು. ಅದರಲ್ಲಿ ಸಾಮಾನು ಕೊಳ್ಳುವ ಮಾತೇ ಬರುವುದಿಲ್ಲ. ಯಜಮಾನರಿಗೆ ಇದನ್ನೆಲ್ಲ ಹೇಳುವಾಗ ಕಾಗದದ ಮೇಲೆ ಆ ಎರಡು ಚಿಹ್ನೆಗಳನ್ನು ಬರೆದು ತೋರಿಸಿ, ಜನವರಿಯ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ. ನಿಮ್ಮಿಬ್ಬರ ನಡುವೆ ಈ ಗುಂಪುಗಳ ಮಾತು ಬರುವ ಮೊದಲಿನಿಂದಲೂ ಯಾವುದಾದರೂ ವಿಷಯಕ್ಕೆ ಜಗಳವಾಗುತ್ತಿದ್ದರೆ, ಹಣವೋ, ಕೆಲಸದ ಹೊತ್ತೋ, ಮನೆಗೆಲಸದ ಹಂಚಿಕೆಯೋ, ಅದನ್ನು ಅದರ ಹೆಸರಿನಿಂದಲೇ ಕರೆದು ಕೂತು ಮಾತನಾಡಿ. ಅದಕ್ಕೆ 4 ಮತ್ತು 6ರ ಹೆಸರು ಕೊಡಬೇಡಿ.